ಲೇಬರ್ ಇನ್‌ಸ್ಪೆಕ್ಟರ್ ಹಾಜರಿ ಪುಸ್ತಕದಲ್ಲಿ ಏನು ನೋಡ್ತಾರೆ?

"ಹುಬ್ಬಳ್ಳಿಯಲ್ಲಿ ನಮ್ಮದು ಬಟ್ಟೆ ಅಂಗಡಿ, ಎಂಟು ಜನ ಕೆಲಸಕ್ಕಿದ್ದಾರೆ. ಹಾಜರಿ ಪುಸ್ತಕ ಇಟ್ಟಿದ್ದೇವೆ. ಲೇಬರ್ ಇನ್‌ಸ್ಪೆಕ್ಟರ್ ಬಂದರೆ ಅಷ್ಟು ಸಾಕಾ? ಇನ್ನೇನು ಕೇಳ್ತಾರೆ?"

ಸಾಕಾಗುವುದಿಲ್ಲ. ನಾನು ದುರ್ಗದಬೈಲ್, ಕೊಪ್ಪೀಕರ್ ರಸ್ತೆ ಕಡೆಯ ಕೆಲವು ಅಂಗಡಿಗಳ ಪಗಾರದ ಲೆಕ್ಕ ಬರೆಯುತ್ತೇನೆ. ತಪಾಸಣೆ ನಡೆಯುವಾಗ ಪಕ್ಕದಲ್ಲಿ ಕೂತು ನೋಡಿದ್ದೇನೆ. ಪುಸ್ತಕ ಇದೆಯೋ ಇಲ್ಲವೋ ಅನ್ನುವುದು ಐದು ನಿಮಿಷದ ಕೆಲಸ. ಉಳಿದ ಹೊತ್ತೆಲ್ಲ ಒಂದು ಪುಸ್ತಕವನ್ನು ಇನ್ನೊಂದರ ಜೊತೆ ತಾಳೆ ನೋಡುವುದಕ್ಕೇ ಹೋಗುತ್ತದೆ.

ಮೊದಲು, ಇಡಬೇಕಾದದ್ದು. ನಿಮಗೆ ಅನ್ವಯಿಸುವುದು 1961ರ ಕರ್ನಾಟಕ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ. ನೋಂದಣಿ ಪತ್ರ ಅಂಗಡಿಯಲ್ಲಿ ಕಾಣುವ ಹಾಗೆ ತೂಗುಹಾಕಿರಬೇಕು. ಹಾಜರಿ ಮತ್ತು ಪಗಾರ ಎರಡನ್ನೂ ಒಂದೇ ಕಡೆ ಬರೆಯುವ ಫಾರಂ ಟಿ ಇರಬೇಕು. ರಜೆಯ ರಿಜಿಸ್ಟರ್ ಫಾರಂ ಎಫ್, ವಾರದ ಸೂಟಿಯ ನೋಟಿಸು, ಪ್ರತಿಯೊಬ್ಬರ ನೇಮಕಾತಿ ಪತ್ರದ ಪ್ರತಿ, ಪಗಾರ ಚೀಟಿ, ಭೇಟಿ ಪುಸ್ತಕ, ಇವೂ ಬೇಕು. ವಯಸ್ಸಿನ ದಾಖಲೆಯ ಝೆರಾಕ್ಸ್ ಕೂಡ ಇಟ್ಟುಕೊಳ್ಳಿ. ಚಿಕ್ಕ ಹುಡುಗರು ಕಂಡರೆ ಮೊದಲ ಪ್ರಶ್ನೆಯೇ ಅದು. 2025ರ ನವೆಂಬರ್ 21ರಿಂದ ಕೇಂದ್ರದ ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದು, ಕನಿಷ್ಠ ವೇತನ, ಬೋನಸ್ ಇಂಥವೆಲ್ಲ ವೇತನ ಸಂಹಿತೆಯೊಳಗೆ ಸೇರಿವೆ. ಅಂಗಡಿ ಕಾಯ್ದೆ ಮಾತ್ರ ರಾಜ್ಯದ್ದು, ಅದು ಬೇರೆಯಾಗಿಯೇ ಉಳಿದಿದೆ.

ಈಗ ತಾಳೆ ನೋಡುವ ವಿಷಯ. ಬಂದವರು ಮೊದಲು ಇವತ್ತಿನ ಹಾಜರಿ ಕೇಳಿ, ಅಂಗಡಿಯಲ್ಲಿ ನಿಂತಿರುವವರನ್ನು ಎಣಿಸುತ್ತಾರೆ. ಪುಸ್ತಕದಲ್ಲಿ ಆರು, ಕೌಂಟರಿನಲ್ಲಿ ಎಂಟು ಅಂದರೆ ಅಲ್ಲೇ ಸಿಕ್ಕಿಬಿದ್ದ ಹಾಗೆ. ಆಮೇಲೆ ಒಬ್ಬಿಬ್ಬರನ್ನು ಬೇರೆ ಕರೆದು ಕೇಳುತ್ತಾರೆ: ಯಾವಾಗ ಸೇರಿದಿರಿ, ಎಷ್ಟೊತ್ತಿಗೆ ಬರ್ತೀರಿ, ಮನೆಗೆ ಎಷ್ಟೊತ್ತಿಗೆ ಹೋಗ್ತೀರಿ, ಕೈಗೆ ಎಷ್ಟು ಬರುತ್ತೆ. ಈ ನಾಲ್ಕು ಉತ್ತರ ಫಾರಂ ಟಿ ಜೊತೆ ಕೂಡಬೇಕು.

ಹೆಚ್ಚಿನ ಅಂಗಡಿಗಳು ಎಡವುವುದು ಹೊತ್ತಿನ ಲೆಕ್ಕದಲ್ಲಿ. ಒಂದು ಉದಾಹರಣೆ ಹಿಡಿಯೋಣ. ಅಂಗಡಿ ಬೆಳಿಗ್ಗೆ 10ಕ್ಕೆ ತೆಗೆದು ರಾತ್ರಿ 8.30ಕ್ಕೆ ಮುಚ್ಚುತ್ತದೆ, ಎಲ್ಲರೂ ಪೂರ್ತಿ ಹೊತ್ತು ಇರುತ್ತಾರೆ. ಊಟದ ಒಂದು ತಾಸು ಕಳೆದರೆ ದಿನಕ್ಕೆ ಒಂಬತ್ತೂವರೆ ತಾಸು, ಆರು ದಿನಕ್ಕೆ 57. ಕಾಯ್ದೆಯ ಮಿತಿ ದಿನಕ್ಕೆ 9, ವಾರಕ್ಕೆ 48. ಅಂದರೆ ವಾರಕ್ಕೆ 9 ತಾಸು ಓವರ್‌ಟೈಮ್. ಅದಕ್ಕೆ ದುಪ್ಪಟ್ಟು ದರ ಕೊಡಬೇಕು. ತಿಂಗಳಿಗೆ 15,600 ಪಗಾರ ಇದ್ದವರಿಗೆ 26 ದಿನದಿಂದ ಭಾಗಿಸಿದರೆ ದಿನಕ್ಕೆ 600, ತಾಸಿಗೆ 75, ದುಪ್ಪಟ್ಟು ಅಂದರೆ 150. ನಾಲ್ಕು ವಾರಕ್ಕೆ 36 ತಾಸು, 5,400 ರೂಪಾಯಿ, ಒಬ್ಬರಿಗೆ. ಆದರೆ ಪುಸ್ತಕದ ಓವರ್‌ಟೈಮ್ ಕಾಲಮ್ಮಿನಲ್ಲಿ ಸುಮ್ನೆ ಸೊನ್ನೆ ಇರುತ್ತದೆ. ಹೊರಗೆ ಬೋರ್ಡಿನಲ್ಲಿ ಅಂಗಡಿಯ ಸಮಯ ಬರೆದಿದ್ದರೆ ಸಾಕು, ಬೇರೆ ಸಾಕ್ಷಿ ಬೇಕಿಲ್ಲ ಅಲ್ವಾ?

ದುಡ್ಡು ಕೊಟ್ಟುಬಿಟ್ಟರೂ ಪೂರ್ತಿ ಬಗೆಹರಿಯುವುದಿಲ್ಲ. ಮೂರು ತಿಂಗಳಲ್ಲಿ ಓವರ್‌ಟೈಮ್ 50 ತಾಸು ದಾಟಬಾರದು ಅಂತಲೂ ಆ ಕಾಯ್ದೆಯಲ್ಲಿದೆ. ವಾರಕ್ಕೆ 9ರಂತೆ ಆರನೇ ವಾರಕ್ಕೇ 54 ಆಗುತ್ತದೆ. ನನ್ನ ಸಲಹೆ: ನಾಲ್ಕು ಜನರನ್ನು 10ರಿಂದ 7ರವರೆಗೆ ಹಾಕಿ, ಉಳಿದ ನಾಲ್ವರನ್ನು 11.30ರಿಂದ 8.30ರವರೆಗೆ. ಊಟದ ತಾಸು ಕಳೆದು ಎಲ್ಲರಿಗೂ ದಿನಕ್ಕೆ 8, ವಾರಕ್ಕೆ ಸರಿಯಾಗಿ 48. ಸಂಜೆಯ ಗಿರಾಕಿ ಹೊತ್ತಿಗೆ ಎಂಟೂ ಜನ ಅಂಗಡಿಯಲ್ಲೇ ಇರುತ್ತಾರೆ. ದೀಪಾವಳಿ ಸೀಸನ್ನಿಗೆ ಓವರ್‌ಟೈಮ್ ಮಿತಿಯೂ ಉಳಿದಿರುತ್ತದೆ.

ಇನ್ನೊಂದು ಅಡ್ವಾನ್ಸ್. ನಡುವೆ 2,000 ಕೊಟ್ಟು ತಿಂಗಳ ಕೊನೆಗೆ 13,600 ಕೈಗಿಟ್ಟರೆ, ಕೆಲಸದವರು ತಪಾಸಣೆಯಲ್ಲಿ "13,600 ಬಂತು" ಅಂತಲೇ ಹೇಳುತ್ತಾರೆ. ಅವರು ಸುಳ್ಳು ಹೇಳಿಲ್ಲ. ಅಡ್ವಾನ್ಸ್ ಮತ್ತು ಕಡಿತ ಪುಸ್ತಕದಲ್ಲಿ ಇಲ್ಲದಿದ್ದರೆ ಅದು ಕಡಿಮೆ ಪಗಾರ ಅಂತ ದಾಖಲಾಗುತ್ತದೆ. ಕೊಟ್ಟ ದಿನವೇ ಬರೆದು ಸಹಿ ಹಾಕಿಸಿ.

ಹಾಜರಿಯನ್ನು ತಿಂಗಳ ಕೊನೆಗೆ ಒಂದೇ ಪೆನ್ನಿನಲ್ಲಿ ತುಂಬಬೇಡಿ. ನೋಡಿದ ಕೂಡಲೇ ಗೊತ್ತಾಗುತ್ತದೆ. ವಾರದ ಸೂಟಿಯ ದಿನವೂ ಹಾಜರಿ ಬಿದ್ದಿರುತ್ತದೆ, ರಜೆ ರಿಜಿಸ್ಟರಿನಲ್ಲಿ ರಜೆ ಅಂತ ಇದ್ದವರು ಇಲ್ಲಿ ಹಾಜರಿರುತ್ತಾರೆ. ಖಾಲಿ ಪಗಾರ ಹಾಳೆಗೆ ಮೊದಲೇ ಸಹಿ ಹಾಕಿಸುವುದಂತೂ ಬೇಡವೇ ಬೇಡ. ದುಡಿದವರ ಸಹಿ ಅದು, ಅವರು ದುಡ್ಡು ಎಣಿಸಿಕೊಂಡ ಮೇಲೆ ಬೀಳಬೇಕು.

ಹಳೆಯ ಪುಸ್ತಕ ಇಲ್ಲದಿದ್ದರೆ ಇಲ್ಲ ಅಂತಲೇ ಹೇಳಿ. ರಾತ್ರೋರಾತ್ರಿ ಹೊಸದಾಗಿ ಬರೆದು ತೋರಿಸಬೇಡಿ, ಕೆಲಸದವರ ಹೇಳಿಕೆ ಮುಂದೆ ಅದು ನಿಲ್ಲುವುದಿಲ್ಲ. ತಪಾಸಣೆ ಟಿಪ್ಪಣಿಯಲ್ಲಿ ಕೊಟ್ಟ ಗಡುವಿನೊಳಗೆ ಸರಿಪಡಿಸಿದ್ದನ್ನು ಬರೆದು ಕೊಡಿ. ಬಾಕಿ ಓವರ್‌ಟೈಮ್ ಪಾವತಿ ಮಾಡಿದ್ದರೆ ಅದರ ರಸೀದಿಯನ್ನೂ ಲಗತ್ತಿಸಿ, ಪ್ರತಿಗೆ ಕಚೇರಿಯ ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ.