ಮಳೆಗಾಲದಲ್ಲಿ ಕಂತಿಗೆ ಬಿಡುವು: ಬ್ಯಾಂಕಿಗೆ ಏನಂತ ಬರೆಯಬೇಕು?

ಪ್ರಶ್ನೆ: ಮಡಿಕೇರಿಯಲ್ಲಿ ಕಾಫಿಪುಡಿ, ಏಲಕ್ಕಿ, ಜೇನು ಮಾರುವ ಅಂಗಡಿ ಇದೆ. ಪ್ರವಾಸಿಗರೇ ಗಿರಾಕಿಗಳು. ಹೋದ ವರ್ಷ ಜೂನ್‌ನಲ್ಲಿ 90 ಸಾವಿರ ವ್ಯಾಪಾರ ಆಗಿತ್ತು, ಈ ಸಲ 30 ಸಾವಿರ ದಾಟಲಿಲ್ಲ. 6 ಲಕ್ಷ ಸಾಲ ಉಳಿದಿದೆ, ಬಡ್ಡಿ ಶೇ 12, ಇನ್ನೂ 48 ಕಂತು, ತಿಂಗಳಿಗೆ 15,800. ಜೂನ್‌ವರೆಗೆ ಕಟ್ಟಿದ್ದೇನೆ. ಮೂರು ತಿಂಗಳು ಬಿಡುವು ಕೇಳಿ ಬ್ಯಾಂಕಿಗೆ ಹೇಗೆ ಬರೆಯಲಿ?

ಉತ್ತರ: ಇವತ್ತೇ ಬರೆಯಿರಿ. ಕಂತು ತಪ್ಪುವ ಮೊದಲೇ ಕೇಳಿದರೆ ನಿಮ್ಮ ಮಾತಿಗೆ ತೂಕ ಜಾಸ್ತಿ. ಬಾಕಿ 90 ದಿನ ದಾಟಿದರೆ ಸಾಲ ಎನ್‌ಪಿಎ, ಅಂದರೆ ವಸೂಲಾಗದ ಸಾಲ ಎಂದು ದಾಖಲಾಗುತ್ತದೆ. ಆಮೇಲೆ ಮ್ಯಾನೇಜರ್‌ಗೆ ಮನಸ್ಸಿದ್ದರೂ ಕೈ ಕಟ್ಟಿದಂತೆ.

ಆದರೆ ಪೂರ್ತಿ ಬಿಡುವು ಕೇಳಬೇಡಿ, ಅಸಲಿಗೆ ಮಾತ್ರ ಕೇಳಿ. ಬಿಡುವು ಸಿಕ್ಕರೂ ಬಡ್ಡಿ ಓಡುತ್ತಲೇ ಇರುತ್ತದೆ. ನಿಮ್ಮ ಸಾಲಕ್ಕೆ ತಿಂಗಳ ಬಡ್ಡಿ 6,000. ಮೂರು ತಿಂಗಳು ಏನೂ ಕಟ್ಟದಿದ್ದರೆ ಅದು ಅಸಲಿಗೆ ಸೇರಿ ಸಾಲ ಸುಮಾರು 6,18,200 ಆಗುತ್ತದೆ. ಅದೇ 15,800 ಕಟ್ಟುತ್ತಾ ಹೋದರೆ 48ರ ಬದಲು 50 ಕಂತು ಬೇಕು. ಬಡ್ಡಿ ಮಾತ್ರ ಕಟ್ಟುತ್ತಾ ಬಂದರೆ ಸಾಲ 6 ಲಕ್ಷದಲ್ಲೇ ನಿಲ್ಲುತ್ತದೆ. ಕೊನೆಗೆ ಸುಮಾರು 12 ಸಾವಿರ ಉಳಿಯುತ್ತದೆ. ಪ್ರತಿ ತಿಂಗಳು ಹಣ ಬರುವುದರಿಂದ ಬ್ಯಾಂಕಿಗೂ ಒಪ್ಪುವುದು ಸುಲಭ.

ಪತ್ರ ಒಂದು ಪುಟ ಸಾಕು. ಸಾಲದ ಖಾತೆ ಸಂಖ್ಯೆ ಬರೆದು, ನೇರ ವಿಷಯಕ್ಕೆ ಬನ್ನಿ:

"ಹೋದ ವರ್ಷ ಜೂನ್‌ನಲ್ಲಿ 90 ಸಾವಿರ ಇದ್ದ ವ್ಯಾಪಾರ ಈ ಜೂನ್‌ನಲ್ಲಿ 30 ಸಾವಿರಕ್ಕೆ ಇಳಿದಿದೆ. ಜೂನ್‌ವರೆಗಿನ ಎಲ್ಲ ಕಂತು ಕಟ್ಟಿದ್ದೇನೆ. ಜುಲೈ, ಆಗಸ್ಟ್, ಸೆಪ್ಟೆಂಬರ್ ತಿಂಗಳಲ್ಲಿ ಬಡ್ಡಿ ಮಾತ್ರ ಕಟ್ಟಲು ಅವಕಾಶ ಕೊಟ್ಟು, ಸಾಲದ ಅವಧಿಯನ್ನು ಮೂರು ತಿಂಗಳು ವಿಸ್ತರಿಸಬೇಕೆಂದು ಕೋರುತ್ತೇನೆ. ದಸರಾ ಸೀಸನ್ ಶುರುವಾಗುವ ಅಕ್ಟೋಬರ್‌ನಿಂದ ಪೂರ್ತಿ ಕಂತು ಕಟ್ಟುತ್ತೇನೆ."

ಇಲ್ಲಿ ಜೂನ್ ವ್ಯಾಪಾರವನ್ನು ಜೂನ್ ಜತೆಗೇ ಹೋಲಿಸಿದ್ದೇವೆ, ಗಮನಿಸಿ. ತುಂಬಾ ಜನ ಮೇ ತಿಂಗಳ ಲೆಕ್ಕ ತೋರಿಸುತ್ತಾರೆ. "ಕೊಡಗಿನಲ್ಲಿ ಮಳೆಗಾಲ ಪ್ರತಿ ವರ್ಷ ಡಲ್ ಅಲ್ವಾ?" ಎಂದು ಮ್ಯಾನೇಜರ್ ಕೇಳಿದರೆ ಉತ್ತರ ಇರುವುದಿಲ್ಲ. ಎರಡೂ ವರ್ಷದ ಬ್ಯಾಂಕ್ ಸ್ಟೇಟ್‌ಮೆಂಟ್, ಜಿಎಸ್‌ಟಿ ಕಟ್ಟುತ್ತಿದ್ದರೆ ಅದರ ರಿಟರ್ನ್ ಲಗತ್ತಿಸಿ. ಮಳೆಗೆ ರಸ್ತೆಯನ್ನೋ ಪ್ರವಾಸಿ ತಾಣವನ್ನೋ ಜಿಲ್ಲಾಡಳಿತ ಮುಚ್ಚಿಸಿದ್ದರೆ ಆ ಆದೇಶದ ಪ್ರತಿಯೂ ಇರಲಿ.

ಪತ್ರದ ಇನ್ನೊಂದು ಪ್ರತಿಗೆ ಬ್ಯಾಂಕಿನ ಸೀಲು, ತಾರೀಖು ಹಾಕಿಸಿಕೊಳ್ಳಿ. ಇದನ್ನು ಸಾಲದ ಪುನರ್‌ರಚನೆ ಎಂದು ದಾಖಲಿಸುತ್ತೀರಾ, ಸಿಬಿಲ್‌ನಲ್ಲಿ ಹೇಗೆ ಕಾಣುತ್ತದೆ ಎಂದು ಅವತ್ತೇ ಕೇಳಿ. ಪುನರ್‌ರಚನೆ ಎಂದಾದರೆ ಕಂತು ತಪ್ಪದಿದ್ದರೂ ಖಾತೆ ಎನ್‌ಪಿಎಗೆ ಇಳಿಯಬಹುದು. ಹಾಗಿದ್ದರೆ ಹೇಗಾದರೂ ಮಾಡಿ ಕಂತು ಹೊಂದಿಸುವುದೇ ಮೇಲು.

"ಆಯ್ತು, ನೋಡೋಣ" ಎಂಬ ಬಾಯಿಮಾತು ನಂಬಿ ಸುಮ್ನೆ ಕೂರಬೇಡಿ. ಆಟೋ ಡೆಬಿಟ್ ಕೊಟ್ಟಿದ್ದರೆ ಅದು ತಾನಾಗಿ ನಿಲ್ಲುವುದಿಲ್ಲ. ಖಾತೆಯಲ್ಲಿ ಹಣ ಇಲ್ಲದೆ ವಾಪಸಾದರೆ ದಂಡ ಬೀಳುತ್ತದೆ, ಕಂತೂ ಬಾಕಿ ಎಂದು ದಾಖಲಾಗುತ್ತದೆ. ಮಂಜೂರಾತಿ ಪತ್ರ ಕೈಗೆ ಬಂದು, ಹೊಸ ಕಂತಿನ ಪಟ್ಟಿ ಸಿಗುವವರೆಗೆ ಖಾತೆಯಲ್ಲಿ 15,800 ಇಟ್ಟಿರಿ.