ಹಣದುಬ್ಬರ ಇಳಿದರೂ ಷೇರು ಯಾಕೆ ಬೀಳುತ್ತದೆ?

ಪ್ರಶ್ನೆ: ಅಮೆರಿಕದಲ್ಲಿ ಹಣದುಬ್ಬರ ಇಳಿಯಿತು ಅಂತ ಸುದ್ದಿ ಬಂದಾಗ ಒಮ್ಮೆ ಷೇರು ಬೀಳುತ್ತದೆ, ಇನ್ನೊಮ್ಮೆ ಏರುತ್ತದೆ. ರೂಪಾಯಿಯೂ ಹಾಗೇ. ಇದಕ್ಕೆ ಏನಾದರೂ ಲೆಕ್ಕ ಇದೆಯಾ, ಸುಮ್ನೆ ಜೂಜಾ?

ಲೆಕ್ಕ ಇದೆ. ನಾನು ಬೆಂಗಳೂರಿನ ಒಂದು ಗಾರ್ಮೆಂಟ್ಸ್ ರಫ್ತು ಕಂಪನಿಯಲ್ಲಿ ಡಾಲರ್ ವ್ಯವಹಾರ ನೋಡಿಕೊಳ್ಳುತ್ತೇನೆ. ಆ ಲೆಕ್ಕ ತಪ್ಪಿ ಒಮ್ಮೆ ಏಟು ತಿಂದಿದ್ದೇನೆ.

2022ರ ಎರಡು ದಿನ ತೆಗೆದುಕೊಳ್ಳಿ. ಸೆಪ್ಟೆಂಬರ್ 13ರಂದು ಅಮೆರಿಕದ ಆಗಸ್ಟ್ ತಿಂಗಳ ಹಣದುಬ್ಬರ ಪ್ರಕಟವಾಯಿತು. ಹಿಂದಿನ ತಿಂಗಳು ಶೇ. 8.5 ಇದ್ದದ್ದು 8.3ಕ್ಕೆ ಇಳಿದಿತ್ತು. ಆದರೂ ಅಂದು ಅಲ್ಲಿನ ಎಸ್‌ಆ್ಯಂಡ್‌ಪಿ 500 ಸೂಚ್ಯಂಕ ಶೇ. 4.3ರಷ್ಟು ಬಿತ್ತು. ನವೆಂಬರ್ 10ರಂದು ಮತ್ತೆ ಇಳಿಕೆ, 8.2ರಿಂದ 7.7ಕ್ಕೆ. ಈ ಸಲ ಅದೇ ಸೂಚ್ಯಂಕ ಶೇ. 5.5ರಷ್ಟು ಜಿಗಿಯಿತು.

ವ್ಯತ್ಯಾಸ ಇದ್ದದ್ದು ಜನರ ಅಂದಾಜಿನಲ್ಲಿ. ಸೆಪ್ಟೆಂಬರಿನಲ್ಲಿ ಎಲ್ಲರೂ 8.1 ಬರಬಹುದು ಅಂದುಕೊಂಡಿದ್ದರು, ಬಂದದ್ದು 8.3. ನವೆಂಬರಿನಲ್ಲಿ 7.9ರ ಆಸುಪಾಸು ಅಂದುಕೊಂಡಿದ್ದರು, ಬಂದದ್ದು 7.7. ಅಂದಾಜಿನ ಅಂಕಿ ಮೊದಲೇ ಬೆಲೆಯೊಳಗೆ ಸೇರಿಹೋಗಿರುತ್ತದೆ. ಹಾಗಾಗಿ ಬೆಲೆ ಅಲುಗಾಡಿಸುವುದು ಆ 0.2 ಮಾತ್ರ.

ಅಷ್ಟು ಚಿಕ್ಕ ಅಂಕಿಗೆ ಇಷ್ಟು ಗಲಾಟೆ ಯಾಕೆ? ಆಗ ಹಣದುಬ್ಬರ ತಗ್ಗಿಸಲು ಅಮೆರಿಕದ ಕೇಂದ್ರ ಬ್ಯಾಂಕ್ ಫೆಡ್ ಬಡ್ಡಿಯನ್ನು ಒಂದೊಂದು ಸಭೆಯಲ್ಲಿ ಶೇಕಡಾ ಮುಕ್ಕಾಲು ಪಾಯಿಂಟ್ ಏರಿಸುತ್ತಿತ್ತು. ಅದು ಎಲ್ಲಿಗೆ ಹೋಗಿ ನಿಲ್ಲುತ್ತದೆ ಅನ್ನುವ ಊಹೆ ಪ್ರತಿ ಹಣದುಬ್ಬರ ವರದಿಗೂ ಬದಲಾಗುತ್ತಿತ್ತು. ಆ ಊಹೆ ಬದಲಾದರೆ ಷೇರಿನ ಬೆಲೆಯೂ ಬದಲಾಗಲೇಬೇಕು. ಹತ್ತು ವರ್ಷದ ನಂತರ ಕೈಗೆ ಬರುವ 100 ರೂಪಾಯಿಯ ಇವತ್ತಿನ ಬೆಲೆ ಶೇ. 6ರ ಬಡ್ಡಿಯಲ್ಲಿ ಸುಮಾರು 56 ರೂಪಾಯಿ. ಶೇ. 7ಕ್ಕೆ ಹೋದರೆ 51. ಮುಂದಿನ ವರ್ಷವೇ ಬರುವ 100 ರೂಪಾಯಿಯಾದರೆ ಕಡಿಮೆಯಾಗುವುದು ಒಂದು ರೂಪಾಯಿಯೂ ಇಲ್ಲ. ಲಾಭವೆಲ್ಲ ದೂರದ ಭವಿಷ್ಯದಲ್ಲಿದೆ ಅನ್ನುವ ಟೆಕ್ ಕಂಪನಿಗಳಿಗೆ ಏಟು ಜಾಸ್ತಿ ಬೀಳುವುದು ಇದಕ್ಕೇ.

ಕರೆನ್ಸಿಯ ಕಥೆ ಇನ್ನೂ ನೇರ. ಅಮೆರಿಕದ ಬಾಂಡಿನಲ್ಲೇ ಒಳ್ಳೆ ಬಡ್ಡಿ ಸಿಗುತ್ತದೆ ಅಂದರೆ ಹೊರಗಿನವರು ಇಲ್ಲಿನ ಷೇರು ಮಾರಿ, ಬಂದ ರೂಪಾಯಿ ಕೊಟ್ಟು ಡಾಲರ್ ಕೊಳ್ಳುತ್ತಾರೆ. ರೂಪಾಯಿ ಇಳಿಯುತ್ತದೆ. ಬಡ್ಡಿ ಅಷ್ಟು ಏರಲ್ಲ ಅಂದರೆ ಉಲ್ಟಾ.

ನಾನು ಎಡವಿದ್ದು ಇಲ್ಲೇ. ನಮಗೆ 2 ಲಕ್ಷ ಡಾಲರ್ ಬರುವುದಿತ್ತು. ನವೆಂಬರ್ 10ರಂದು ಡಾಲರ್ 81.80ರ ಹತ್ತಿರ ಇತ್ತು. ಬ್ಯಾಂಕಿನಲ್ಲಿ ಫಾರ್ವರ್ಡ್ ಬುಕ್ ಮಾಡಿ ಬೆಲೆ ಗಟ್ಟಿ ಮಾಡಿಕೊಳ್ಳಬಹುದಿತ್ತು. ಅಕ್ಟೋಬರಿನಲ್ಲಿ 83 ದಾಟಿತ್ತಲ್ಲ, ಮತ್ತೆ ಬರುತ್ತದೆ ಅಂತ ಕಾದೆ. ಸಂಜೆ 7ಕ್ಕೆ ಅಂಕಿ ಬಂತು, ಅಷ್ಟರಲ್ಲಿ ಇಲ್ಲಿನ ಷೇರುಪೇಟೆ ಮುಚ್ಚಿತ್ತು. ಮರುದಿನ ಸೆನ್ಸೆಕ್ಸ್ 1,181 ಅಂಶ ಏರಿತು, ಡಾಲರ್ 80.80ರ ಆಸುಪಾಸಿಗೆ ಇಳಿಯಿತು. ಒಂದೇ ರಾತ್ರಿಯಲ್ಲಿ ನಮ್ಮ ಲೆಕ್ಕದಲ್ಲಿ ಸುಮಾರು 2 ಲಕ್ಷ ರೂಪಾಯಿ ಕಡಿಮೆ. ಷೇರು ಇದ್ದವರು ಪೇಡಾ ಹಂಚುತ್ತಿದ್ದರು, ನಾನು ಬಾಸ್ ಮುಂದೆ ನಿಂತಿದ್ದೆ.

ಬಡ್ಡಿ ನಿರ್ಧಾರದ ದಿನವೂ ಹೀಗೇ. ಅದೇ ನವೆಂಬರ್ 2ರಂದು ಫೆಡ್ ಮುಕ್ಕಾಲು ಪಾಯಿಂಟ್ ಏರಿಸಿತು. ಅದು ಎಲ್ಲರಿಗೂ ಗೊತ್ತಿದ್ದದ್ದೇ, ಷೇರುಗಳು ಮೊದಲು ಏರಿದವು. ಅರ್ಧ ಗಂಟೆ ಬಿಟ್ಟು ಫೆಡ್ ಅಧ್ಯಕ್ಷ ಪೊವೆಲ್ ಪತ್ರಿಕಾಗೋಷ್ಠಿಗೆ ಬಂದು, ಬಡ್ಡಿ ನಾವು ಮೊದಲು ಅಂದುಕೊಂಡದ್ದಕ್ಕಿಂತ ಮೇಲೆ ಹೋಗಬಹುದು ಅಂದರು. ಎಸ್‌ಆ್ಯಂಡ್‌ಪಿ ಶೇ. 2.5ರಷ್ಟು ಕುಸಿದು ದಿನ ಮುಗಿಸಿತು.

ಆದರೆ ಈ ಲೆಕ್ಕ ಕೈಕೊಡುವುದೂ ಉಂಟು. 2022ರ ಸೆಪ್ಟೆಂಬರ್ 22ರಂದು ಬ್ರಿಟನ್ನಿನ ಕೇಂದ್ರ ಬ್ಯಾಂಕ್ ಬಡ್ಡಿಯನ್ನು ಅರ್ಧ ಪಾಯಿಂಟ್ ಏರಿಸಿತು. ಪೌಂಡ್ ಗಟ್ಟಿಯಾಗಬೇಕಿತ್ತು, ಅಲ್ವಾ? ಮರುದಿನವೇ ಅಲ್ಲಿನ ಸರ್ಕಾರ ಸಾಲ ಮಾಡಿ ತೆರಿಗೆ ಇಳಿಸುವ ಯೋಜನೆ ತಂದಿತು. 26ರಂದು ಪೌಂಡ್ ಡಾಲರಿನ ಎದುರು 1.03ರ ಆಸುಪಾಸಿಗೆ, ದಾಖಲೆಯ ತಳಕ್ಕೆ ಬಿತ್ತು. ಬಾಂಡಿನ ಬಡ್ಡಿಯೂ ಏರುತ್ತಿತ್ತು, ಪೌಂಡೂ ಬೀಳುತ್ತಿತ್ತು. ಬಡ್ಡಿ ಏರುವುದು ಕೇಂದ್ರ ಬ್ಯಾಂಕಿನ ಬಿಗಿಯಿಂದಲೋ, ಸಾಲ ಕೊಡುವವರ ಭಯದಿಂದಲೋ ಅಂತ ನೋಡಬೇಕು. ಎರಡನೆಯದಾದರೆ ಕರೆನ್ಸಿಯೂ ಜೊತೆಗೇ ಜಾರುತ್ತದೆ.

ಇನ್ನೊಂದು ಎಚ್ಚರಿಕೆ. ಮೊದಲ ಗಂಟೆಯ ಗದ್ದಲ ನಂಬಬೇಡಿ. ಅಮೆರಿಕದ ಆ 8.3 ಬಂದ ಮರುದಿನ, ಸೆಪ್ಟೆಂಬರ್ 14ರಂದು, ಸೆನ್ಸೆಕ್ಸ್ ಬೆಳಿಗ್ಗೆ ಸಾವಿರಕ್ಕೂ ಹೆಚ್ಚು ಅಂಶ ಬಿದ್ದಿತ್ತು. ಸಂಜೆಗೆ ಉಳಿದ ನಷ್ಟ ಬರೀ 224. ಐಟಿ ಷೇರುಗಳು ಮಾತ್ರ ಮೇಲೇಳಲಿಲ್ಲ. ಡಾಲರ್ ಏರಿದರೆ ಐಟಿಗೆ ಲಾಭ ಅನ್ನುತ್ತಾರೆ, ನಿಜವೇ. ಆದರೆ ಅಂದು ಅಮೆರಿಕದ ಗ್ರಾಹಕರು ಖರ್ಚು ಕಡಿಮೆ ಮಾಡಬಹುದು ಅನ್ನುವ ಭಯವೇ ಜೋರಾಗಿತ್ತು.

ನಾನೀಗ ಅಂಕಿ ಬಂದ ತಕ್ಷಣ ಷೇರು ನೋಡುವುದಿಲ್ಲ. ಮೊದಲು ಅಂದಾಜಿನ ಅಂಕಿ, ಆಮೇಲೆ ಅಮೆರಿಕದ ಎರಡು ವರ್ಷದ ಬಾಂಡಿನ ಬಡ್ಡಿ. ಫೆಡ್ ಬಗ್ಗೆ ಪೇಟೆಯ ಊಹೆ ಬದಲಾದರೆ ಬೇಗ ಗೊತ್ತಾಗುವುದು ಅಲ್ಲೇ. ಇನ್ನು ನಮ್ಮ ಕಂಪನಿಗೆ ಬರುವ ಡಾಲರಿನಲ್ಲಿ ಅರ್ಧವನ್ನು ಅಂಕಿ ಬರುವ ಹಿಂದಿನ ದಿನವೇ ಬುಕ್ ಮಾಡಿಬಿಡುತ್ತೇನೆ.