ಇದ್ದಿಲು ತಿಕ್ಕಿದರೆ ಹೋಗದ ಕಂದು ಕಲೆ

ಪ್ರಶ್ನೆ: ನನಗೆ 34 ವರ್ಷ, ಹುಟ್ಟಿ ಬೆಳೆದದ್ದು ಪಾವಗಡದ ಕಡೆ. ಚಿಕ್ಕಂದಿನಿಂದಲೂ ಮುಂದಿನ ಹಲ್ಲಿನಲ್ಲಿ ಕಂದು ಕಲೆ ಇದೆ. ನಾಲ್ಕು ತಿಂಗಳಿಂದ ಇದ್ದಿಲಿನ ಪೇಸ್ಟ್ ಹಚ್ಚುತ್ತಿದ್ದೇನೆ, ಮಧ್ಯೆ ಮಧ್ಯೆ ಅತ್ತೆ ಮಾಡಿಕೊಡುವ ಹಲ್ಲುಪುಡಿ. ಬೆಳಿಗ್ಗೆ ಎದ್ದು ಎಳ್ಳೆಣ್ಣೆ ಮುಕ್ಕಳಿಸುತ್ತೇನೆ. ಕಲೆ ಹೋಗಿಲ್ಲ, ಈಗ ತಣ್ಣೀರು ಕುಡಿದರೆ ಹಲ್ಲು ಜುಮ್ಮೆನ್ನುತ್ತೆ. ಫ್ಲೋರೈಡ್ ಇರುವ ಪೇಸ್ಟ್ ನಮ್ಮೂರಿನವರಿಗೆ ವಿಷ ಅಂತಾರೆ. ಯಾವುದನ್ನು ಬಿಡಲಿ, ಯಾವುದನ್ನು ಇಟ್ಟುಕೊಳ್ಳಲಿ?

ಉತ್ತರ: ಇದ್ದಿಲಿನ ಪೇಸ್ಟನ್ನು ಇವತ್ತೇ ಬಿಡಿ. ಹಲ್ಲುಪುಡಿಯನ್ನೂ ಸದ್ಯಕ್ಕೆ ಎತ್ತಿಡಿ. ಎಣ್ಣೆ ಮುಕ್ಕಳಿಸುವುದು ನಿಮಗೆ ಹಿತವೆನಿಸಿದರೆ ಮುಂದುವರಿಸಬಹುದು, ಆದರೆ ಅದನ್ನು ಬ್ರಷ್‌ನ ಬದಲಿಗೆ ಅಲ್ಲ.

ನೀವು ಹೇಳುವ ಕಲೆ ಬಹುತೇಕ ಫ್ಲೋರೋಸಿಸ್. ಪಾವಗಡ, ಕೋಲಾರ, ಮುಂಡರಗಿ ಕಡೆಯ ಕೊಳವೆಬಾವಿ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ಕುಡಿಯುವ ನೀರಿನಲ್ಲಿ ಅದು ಲೀಟರಿಗೆ 1 ಮಿಲಿಗ್ರಾಂ ಮೀರಬಾರದು, ಬೇರೆ ನೀರು ಸಿಗದಿದ್ದರೆ 1.5ರವರೆಗೆ ಸಹಿಸಬಹುದು ಎನ್ನುತ್ತದೆ ನಮ್ಮ ದೇಶದ ಮಾನದಂಡ. ಅದನ್ನು ಮೀರಿದ ನೀರನ್ನು ಮಗು ಕುಡಿದು ಬೆಳೆಯುವಾಗ, ದವಡೆಯೊಳಗೆ ಇನ್ನೂ ರೂಪುಗೊಳ್ಳುತ್ತಿರುವ ಹಲ್ಲಿನ ಎನಾಮಲ್, ಅಂದರೆ ಹೊರಗಿನ ಗಟ್ಟಿ ಪದರ, ಸರಿಯಾಗಿ ಗಟ್ಟಿಯಾಗುವುದಿಲ್ಲ. ಹಲ್ಲು ಹೊರಬಂದ ಮೇಲೆ ಆ ಟೊಳ್ಳು ಜಾಗಗಳು ಬಣ್ಣ ಹೀರಿ ಕಂದಾಗುತ್ತವೆ. ಹೀಗಾಗಿ ಕಲೆ ಕುಳಿತಿರುವುದು ಹಲ್ಲಿನ ಮೇಲಲ್ಲ, ಒಳಗೆ. ಚಹಾ, ಎಲೆ ಅಡಿಕೆಯ ಕಲೆ ಮಾತ್ರ ಹಲ್ಲಿನ ಮೇಲೆ ಅಂಟಿಕೊಂಡಿರುತ್ತದೆ. ತಿಕ್ಕಿದರೆ ಹೋಗುವುದು ಅದೊಂದೇ.

ಇದ್ದಿಲು ಆ ಮೇಲಿನ ಕಲೆಯನ್ನು ತೆಗೆಯುವುದೂ ಮುಖ್ಯವಾಗಿ ಉಜ್ಜಾಟದಿಂದಲೇ. ವಿಷ ಸೇವಿಸಿದವರಿಗೆ ಆಸ್ಪತ್ರೆಯಲ್ಲಿ ಇದ್ದಿಲು ಕುಡಿಸುತ್ತಾರಲ್ಲ, ಹಾಗೇ ಹಲ್ಲಿನ ವಿಷವನ್ನೂ ಹೀರುತ್ತದೆ ಎಂದು ನಂಬಿಸುತ್ತಾರೆ. ಅಲ್ಲಿ ಹತ್ತಾರು ಗ್ರಾಂ ಇದ್ದಿಲು ಹೊಟ್ಟೆಯಲ್ಲಿ ಬಹಳ ಹೊತ್ತು ಉಳಿದು ವಿಷವನ್ನು ಹಿಡಿದಿಟ್ಟುಕೊಳ್ಳುತ್ತದೆ. ಇಲ್ಲಿ ಪೇಸ್ಟಿನ ಜೊತೆ ಕಲಸಿದ ಚಿಟಿಕೆ ಇದ್ದಿಲು ಎರಡು ನಿಮಿಷ ಬಾಯಲ್ಲಿರುತ್ತದೆ, ಆಮೇಲೆ ಉಗುಳುತ್ತೇವೆ. ಇದ್ದಿಲಿನ ಪೇಸ್ಟು, ಪುಡಿಗಳ ಬಗ್ಗೆ ಅಲ್ಲಿಯವರೆಗೆ ಬಂದ ಬರಹಗಳನ್ನೆಲ್ಲ ಜಾಲಾಡಿದ ವಿಮರ್ಶೆಯೊಂದು 2017ರಲ್ಲಿ ಅಮೆರಿಕದ ದಂತವೈದ್ಯರ ಸಂಘದ ಪತ್ರಿಕೆಯಲ್ಲಿ ಬಂತು. ಅವು ಗುಣಕಾರಿ ಎನ್ನಲೂ, ಸುರಕ್ಷಿತ ಎನ್ನಲೂ ಸಾಕಷ್ಟು ಆಧಾರ ಸಿಗಲಿಲ್ಲ ಎಂಬುದೇ ಅದರ ತೀರ್ಮಾನ. ಇಂಥ ಎಷ್ಟೋ ಪೇಸ್ಟುಗಳಲ್ಲಿ ಫ್ಲೋರೈಡೂ ಇರುವುದಿಲ್ಲ.

ಇನ್ನು ನಿಮ್ಮ ಜುಮ್ಮು. ಎನಾಮಲ್ ಹಲ್ಲಿನ ತುದಿಯಲ್ಲಿ ಸುಮಾರು ಎರಡೂವರೆ ಮಿಲಿಮೀಟರ್ ದಪ್ಪ ಇರುತ್ತದೆ, ಒಸಡಿನ ಹತ್ತಿರ ಬರುತ್ತಾ ಬರುತ್ತಾ ಕಾಗದದಷ್ಟು ತೆಳುವಾಗುತ್ತದೆ. ಫ್ಲೋರೋಸಿಸ್ ಇರುವ ಹಲ್ಲಿನಲ್ಲಿ ಅದು ಮೊದಲೇ ದುರ್ಬಲ. ಒಮ್ಮೆ ಸವೆದರೆ ಮತ್ತೆ ಬೆಳೆಯುವುದಿಲ್ಲ. ಅದರ ಕೆಳಗಿನ ಡೆಂಟಿನ್ ಹಳದಿ ಬಣ್ಣದ್ದು, ತುಂಬ ಸಣ್ಣ ನಳಿಕೆಗಳಿಂದ ಕೂಡಿದ್ದು, ಆ ನಳಿಕೆಗಳ ಮೂಲಕ ತಣ್ಣನೆಯದು ನೇರ ನರಕ್ಕೆ ತಾಗುತ್ತದೆ. ಬಿಳಿ ಮಾಡಲೆಂದು ತಿಕ್ಕಿದಷ್ಟೂ ಹಲ್ಲು ಹಳದಿಯಾಗುವುದು ಇದರಿಂದಲೇ. ಕನ್ನಡಿ ಮುಂದೆ ನಿಂತು ಕೆಳತುಟಿ ಎಳೆದು ಹಿಡಿದು, ಕೋರೆಹಲ್ಲಿನ ಮೇಲೆ ಬೆರಳ ಉಗುರನ್ನು ಒಸಡಿನಿಂದ ತುದಿಯ ಕಡೆಗೆ ಮೆಲ್ಲಗೆ ಎಳೆಯಿರಿ. ನಯವಾಗಿ ಜಾರಿದರೆ ಒಳ್ಳೆಯದು. ಒಸಡಿನ ಅಂಚಿನಲ್ಲಿ ಉಗುರು ಸಣ್ಣ ಮೆಟ್ಟಿಲಿಗೆ ತಗುಲಿದಂತೆ ಸಿಕ್ಕಿಕೊಂಡರೆ ಅಲ್ಲಿ ಹಲ್ಲು ಸವೆದು ಕಚ್ಚು ಬಿದ್ದಿರಬಹುದು, ದಂತವೈದ್ಯರಿಗೆ ತೋರಿಸಿ.

ಅತ್ತೆಯವರ ಹಲ್ಲುಪುಡಿಯಲ್ಲಿ ಏನೇನಿದೆ ಎಂದು ನೀವು ಬರೆದಿಲ್ಲ. ಅವರ ಮನಸ್ಸು ನೋಯದ ಹಾಗೆ ಕೇಳಿ ತಿಳಿದುಕೊಳ್ಳಿ. ಲವಂಗ ನೋವನ್ನು ಮರಗಟ್ಟಿಸುತ್ತದೆ ಎಂಬುದು ನಿಜ. ಆದರೆ ಹುಳುಕು ಮಾತ್ರ ಒಳಗೆ ಹಾಗೇ ಬೆಳೆಯುತ್ತಿರುತ್ತದೆ. ಬೇವು, ಉಪ್ಪು ಅಷ್ಟೇನೂ ಚಿಂತೆಯ ವಿಷಯವಲ್ಲ. ನನ್ನ ಚಿಂತೆ ಇರುವುದು ಕಾವಿಮಣ್ಣು, ಇಟ್ಟಿಗೆ ಪುಡಿ, ಭತ್ತದ ಹೊಟ್ಟಿನ ಬೂದಿ, ಇವುಗಳ ಬಗ್ಗೆ. ಇವುಗಳಲ್ಲಿ ಮರಳಿನಂಥ ಕಣಗಳಿರುತ್ತವೆ. ಮನೆಯಲ್ಲೇ ಒಂದು ಪರೀಕ್ಷೆ ಮಾಡಿ. ಹಳೆಯ ಗಾಜಿನ ತುಂಡಿನ ಮೇಲೆ ಚಿಟಿಕೆ ಪುಡಿ, ಎರಡು ಹನಿ ನೀರು ಹಾಕಿ ಬಟ್ಟೆ ಸುತ್ತಿದ ಬೆರಳಿಂದ ಒಂದು ನಿಮಿಷ ಗಟ್ಟಿಯಾಗಿ ಉಜ್ಜಿ, ತೊಳೆದು ಬೆಳಕಿಗೆ ಹಿಡಿಯಿರಿ. ಗಾಜು ಎನಾಮಲ್‌ಗಿಂತ ಸ್ವಲ್ಪ ಗಟ್ಟಿ, ಆದ್ದರಿಂದ ಗಾಜಿನ ಮೇಲೆ ಗೀರು ಬಿದ್ದರೆ ಆ ಪುಡಿ ಎನಾಮಲನ್ನೂ ಗೀರುತ್ತದೆ. ಗೀರು ಬೀಳದಿದ್ದರೆ ಸುರಕ್ಷಿತ ಎಂದಲ್ಲ. ಡೆಂಟಿನ್ ಗಾಜಿಗಿಂತ ಬಹಳ ಮೆತ್ತಗೆ, ಮೆತ್ತನೆಯ ಪುಡಿಯೂ ಅದನ್ನು ಸವೆಸಬಲ್ಲದು. ಅಂಗಡಿಯ ಪುಡಿಯಾದರೆ ಇನ್ನೊಂದು ಎಚ್ಚರಿಕೆ. ಹಲ್ಲುಪುಡಿ, ಪೇಸ್ಟುಗಳಲ್ಲಿ ತಂಬಾಕು ಬಳಸುವುದನ್ನು ಭಾರತದಲ್ಲಿ 1992ರಲ್ಲೇ ನಿಷೇಧಿಸಿದ್ದಾರೆ. ಅದಕ್ಕೂ ಮುಂಚೆ, ಆಮೇಲೂ ಕೂಡ ತಂಬಾಕಿನ ಪುಡಿಯಿಂದ ಹಲ್ಲುಜ್ಜುವ ರೂಢಿ ಹಲವು ಕಡೆ ಇದೆ. ಉಜ್ಜಿದೊಡನೆ ತಲೆ ಹಗುರಾಗುವ, ಒಂದು ಹೊತ್ತು ತಪ್ಪಿದರೆ ಚಡಪಡಿಸುವ ಪುಡಿ ಯಾವುದೇ ಇರಲಿ, ಮುಟ್ಟಬೇಡಿ.

ಎಣ್ಣೆಯ ವಿಷಯ ಇವೆರಡಕ್ಕಿಂತ ಬೇರೆ. ಆಯುರ್ವೇದದಲ್ಲಿ ಬಾಯಿತುಂಬ ಹಿಡಿದಿಟ್ಟುಕೊಳ್ಳುವುದಕ್ಕೆ ಗಂಡೂಷ, ಮುಕ್ಕಳಿಸುವುದಕ್ಕೆ ಕವಳ ಎಂದು ಹೆಸರಿದೆ. ಇದರ ಮೇಲೆ ನಮ್ಮ ದೇಶದಲ್ಲೂ ಪ್ರಯೋಗಗಳು ನಡೆದಿವೆ, ಹೆಚ್ಚಿನವು ಸಣ್ಣವು, ಕೆಲವೇ ವಾರಗಳವು. ಬಾಯಿಯ ಬ್ಯಾಕ್ಟೀರಿಯಾ ಸ್ವಲ್ಪ ಕಡಿಮೆಯಾದಂತೆ ಕಂಡಿದೆ. ಆದರೆ ಹಲ್ಲಿನ ಪಾಚಿ, ಒಸಡಿನ ಊತ ನಂಬುವಂತೆ ಇಳಿಯುತ್ತವೆ ಎಂದಾಗಲೀ, ಹುಳುಕು ತಡೆಯುತ್ತದೆ ಎಂದಾಗಲೀ ಹೇಳುವಷ್ಟು ಪುರಾವೆ ಇಲ್ಲ. ಉಗುಳುವಾಗ ಎಣ್ಣೆ ಹಾಲಿನಂತೆ ಬೆಳ್ಳಗಾಗಿರುವುದನ್ನು ತೋರಿಸಿ ವಿಷವೆಲ್ಲ ಹೊರಬಂತು ಎನ್ನುತ್ತಾರಲ್ಲ, ಅದು ಜೊಲ್ಲಿನ ಜೊತೆ ಎಣ್ಣೆ ಕಡೆದು ಸಣ್ಣ ಹನಿಗಳಾಗಿ ಒಡೆದ ಬಣ್ಣ. ಮುಕ್ಕಳಿಸುವುದಾದರೆ ಒಂದು ಚಮಚ ಸಾಕು, ನುಂಗಬೇಡಿ, ಗಂಟಲಲ್ಲಿ ಗಳಗಳ ಮಾಡಬೇಡಿ. ಎಣ್ಣೆ ಶ್ವಾಸನಾಳಕ್ಕೆ ಇಳಿದು ಒಂದು ಬಗೆಯ ನ್ಯುಮೋನಿಯಾ ಬಂದ ಪ್ರಕರಣಗಳು ವೈದ್ಯಪತ್ರಿಕೆಗಳಲ್ಲಿ ವರದಿಯಾಗಿವೆ. ಇದೇ ಕಾರಣಕ್ಕೆ ಚಿಕ್ಕ ಮಕ್ಕಳಿಗೂ ನುಂಗಲು ಕಷ್ಟಪಡುವ ವೃದ್ಧರಿಗೂ ಬೇಡ.

ಫ್ಲೋರೈಡ್ ಪೇಸ್ಟಿನ ಭಯವನ್ನು ಬಿಡಿಸಲೇಬೇಕು. ಈ ಭಯ ಹುಟ್ಟಿದ್ದು ನಿಮ್ಮೂರಿನ ನಿಜವಾದ ಕಷ್ಟದಿಂದ, ಅದನ್ನು ನಾನು ಹಗುರಾಗಿ ತೆಗೆದುಕೊಳ್ಳುವುದಿಲ್ಲ. ಆದರೆ ಹಲ್ಲಿನ ಫ್ಲೋರೋಸಿಸ್ ಆಗುವುದು ಹಲ್ಲು ರೂಪುಗೊಳ್ಳುವ ವಯಸ್ಸಿನಲ್ಲಿ, ಮುಂದಿನ ಹಲ್ಲುಗಳಿಗಾದರೆ ಬಾಲ್ಯದ ಮೊದಲ ಕೆಲವು ವರ್ಷಗಳಲ್ಲಿ. ನಿಮ್ಮ ಹಲ್ಲು ಎಂದೋ ರೂಪುಗೊಂಡಿವೆ. ಈಗ ಪೇಸ್ಟು ಹಚ್ಚಿ ಉಗುಳಿದರೆ ಹೊಸ ಕಲೆ ಬರುವುದಿಲ್ಲ. ಸುಮಾರು 1000 ಪಿಪಿಎಂ ಫ್ಲೋರೈಡ್ ಎಂದು ಡಬ್ಬಿಯ ಮೇಲೆ ಬರೆದಿರುವ, ಪೊಟ್ಯಾಶಿಯಂ ನೈಟ್ರೇಟ್ ಇರುವ ಪೇಸ್ಟನ್ನು ಮೆತ್ತನೆಯ ಬ್ರಷ್‌ನಲ್ಲಿ ದಿನಕ್ಕೆ ಎರಡು ಸಲ ಬಳಸಿ. ಅಡ್ಡಡ್ಡ ಗರಗಸದಂತೆ ಎಳೆಯದೆ ಒಸಡಿನ ಅಂಚಲ್ಲಿ ಪುಟ್ಟ ಪುಟ್ಟ ಸುತ್ತು ಹಾಕಿ. ಉಗುಳಿದ ಮೇಲೆ ನೀರು ಹಾಕಿ ಬಾಯಿ ತೊಳೆಯಬೇಡಿ. ಜುಮ್ಮು ತಗ್ಗಲು ಎರಡರಿಂದ ನಾಲ್ಕು ವಾರ ಬೇಕು. ಅಷ್ಟಾದರೂ ತಗ್ಗದಿದ್ದರೆ, ಅಥವಾ ತಣ್ಣನೆಯದು ತಾಗಿದ ನೋವು ಅರೆ ನಿಮಿಷಕ್ಕಿಂತ ಹೆಚ್ಚು ಎಳೆದರೆ, ಕಾಯದೆ ಹೋಗಿ.

ಆಗ ಕಲೆಯ ಮಾತನ್ನೂ ಎತ್ತಿ. ಕಲೆ ಆಳವಿಲ್ಲದಿದ್ದರೆ ದಂತವೈದ್ಯರು ಒಸಡಿಗೆ ರಬ್ಬರಿನ ರಕ್ಷಣೆ ಕೊಟ್ಟು ಆಮ್ಲ ಮತ್ತು ಪ್ಯೂಮಿಸ್ ಪುಡಿಯಿಂದ ಎನಾಮಲಿನ ತೆಳುವಾದ ಪದರವನ್ನಷ್ಟೇ ಅಳೆದು ತೆಗೆಯುತ್ತಾರೆ, ಅದಕ್ಕೆ ಮೈಕ್ರೊಅಬ್ರೇಷನ್ ಎನ್ನುತ್ತಾರೆ. ಆಳವಾಗಿದ್ದರೆ ಮೇಲೆ ಹಲ್ಲಿನ ಬಣ್ಣದ ಪದರ ಅಂಟಿಸಬೇಕಾಗುತ್ತದೆ. ಜುಮ್ಮು ಪೂರ್ತಿ ತಗ್ಗುವವರೆಗೆ ಬ್ಲೀಚಿಂಗ್‌ಗೆ ಒಪ್ಪಬೇಡಿ.

ಮನೆಯಲ್ಲಿ ಆರು ವರ್ಷದೊಳಗಿನ ಮಕ್ಕಳಿದ್ದರೆ, ನೀವು ಕುಡಿಸುವ ನೀರನ್ನು ಮೊದಲು ಪರೀಕ್ಷೆ ಮಾಡಿಸಿ. ಮೂರು ವರ್ಷದೊಳಗಿನವರಿಗೆ ಅಕ್ಕಿಕಾಳಿನಷ್ಟು, ಅದರ ಮೇಲಿನವರಿಗೆ ಬಟಾಣಿಯಷ್ಟು ಪೇಸ್ಟು ಬ್ರಷ್‌ಗೆ ಹಾಕಿ ಕೊಡಿ, ಉಗುಳುವವರೆಗೆ ಪಕ್ಕದಲ್ಲೇ ನಿಂತಿರಿ. ನೀರಿನಲ್ಲಿ ಫ್ಲೋರೈಡ್ ಹೆಚ್ಚಿದ್ದರೆ ಪೇಸ್ಟಿನ ವಿಷಯವನ್ನು ದಂತವೈದ್ಯರ ಜೊತೆ ಮಾತಾಡಿ ತೀರ್ಮಾನಿಸಿ.